‘ಆದಷ್ಟು ಬರ್ತೇನೆ’ ಅಂದ್ರೆ ಧಣಿಗಳಿಗೆ ಎಂತ ಅರ್ಥ ಆಗ್ಬೇಕು?

ಅಕ್ಕಾ, ನಾನು ಹಂಪನಕಟ್ಟೆಯ ಒಂದು ಹೋಲ್‌ಸೇಲ್ ಅಂಗಡಿಯಲ್ಲಿ ಅಕೌಂಟ್ಸ್ ನೋಡುವವಳು. ಸೊಂಟದ ಡಿಸ್ಕ್ ಆಪರೇಶನ್ ಆಗಿ ನಾಲ್ಕು ತಿಂಗಳಿಂದ ರಜೆ. ಡಾಕ್ಟ್ರು ನಿಧಾನಕ್ಕೆ ಶುರು ಮಾಡಿ ಅಂದಿದ್ದಾರೆ. ಧಣಿಗಳಿಗೆ ಫೋನಲ್ಲಿ ‘1ನೇ ತಾರೀಕಿಂದ ಆದಷ್ಟು ಬರ್ತೇನೆ’ ಅಂದೆ. ಅರ್ಧ ದಿನ ಕೇಳ್ಲಿಕ್ಕೆ ಸಂಕೋಚ. ಭಾವ ಹೇಳ್ತಾರೆ, ಮೊದಲು ಹೋಗಿ ಕೂತ್ಕೋ, ಮತ್ತೆ ನೋಡುವ ಅಂತ.
– ಸುರತ್ಕಲ್ ಓದುಗಿ

ನಿಮ್ಮ ಭಾವನ ಸೊಂಟ ಗಟ್ಟಿ ಉಂಟು, ಅವರಿಗೆ ಹೇಳ್ಲಿಕ್ಕೆ ಎಂತ. ಅವರನ್ನು ಅಲ್ಲೇ ಬಿಡಿ. ಸಂಕೋಚದ ಬಗ್ಗೆಯೂ ನಾನು ಹೆಚ್ಚು ಹೇಳುವುದಿಲ್ಲ, ನನಗೆ ಹೆದರಿಕೆ ಆದದ್ದು ನೀವು ಸುಮ್ಮನೆ ಹಾಕಿಬಿಟ್ಟ ಆ 1ನೇ ತಾರೀಕು ನೋಡಿ.

ಅಲ್ಲ ಮಾರಾಯ್ರೆ, ಅಕೌಂಟ್ಸಿನವರಿಗೆ ನಾನು ಹೇಳ್ಬೇಕಾ? ತಿಂಗಳ 11ಕ್ಕೆ ಮಾರಾಟದ ಲೆಕ್ಕ ಕೊಡುವ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ 3ಬಿ, ಎರಡಕ್ಕೂ ಅದೇ ಕೊನೇ ದಿನ. 1ಕ್ಕೆ ಸೇರಿದ್ರೆ ಸರೀ ಆ ಗಡಿಬಿಡಿಯ ಮಧ್ಯ ಹೋಗಿ ಬೀಳ್ತೀರಿ, ಟೈಮ್ ಅರ್ಧ ಆದ್ರೂ ಕೆಲಸ ಪೂರ್ತಿ ನಿಮ್ಮ ತಲೆ ಮೇಲೆ, ಎರಡನೇ ವಾರಕ್ಕೇ ರಾತ್ರಿ ಎಂಟರ ತನಕ ಕೂತಿರ್ತೀರಿ. ಪಾರ್ಟ್ ಟೈಮ್ ಅಂತ ಸೇರಿದವರು ಸೋಲುವುದು ಹೆಚ್ಚಾಗಿ ಹೀಗೇ, ಗಂಟೆ ಕಡಿಮೆ ಮಾಡಿಸ್ಕೊಳ್ತಾರೆ, ಕೆಲಸ ಕಡಿಮೆ ಮಾಡಿಸ್ಕೊಳ್ಳುವುದಿಲ್ಲ.

ಹಾಗಾಗಿ 22ಕ್ಕೆ ಸೇರಿ. ಮೊದಲ ಎರಡು ವಾರ ಸೋಮ, ಬುಧ, ಶುಕ್ರ, 10.30ರಿಂದ 2.30. ಮತ್ತೆ ಎರಡು ವಾರ ಅದೇ ನಾಲ್ಕು ಗಂಟೆ, ಆದ್ರೆ ಐದು ದಿನ. ಐದು ಮತ್ತು ಆರನೇ ವಾರ ಐದು ದಿನ, ಆರು ಗಂಟೆ. ಏಳನೇ ವಾರದಿಂದ ಮೊದಲಿನ ಹಾಗೆ. ದಿನ ಮತ್ತು ಗಂಟೆ ಒಟ್ಟಿಗೇ ಏರಿಸ್ಬೇಡಿ, ನೋವು ಬಂದ್ರೆ ಯಾವುದರಿಂದ ಅಂತ ಗೊತ್ತೇ ಆಗುವುದಿಲ್ಲ. ಈ ನಡುವೆ ಬರುವ 11 ಮತ್ತು 20ರ ಫೈಲಿಂಗನ್ನು ಈಗ ಯಾರು ಮಾಡ್ತಿದ್ದಾರೋ ಅವರೇ ಇನ್ನೊಂದು ತಿಂಗಳು ಮಾಡ್ಲಿ, ನೀವು ಪರ್ಚೇಸ್ ಬಿಲ್ ತಾಳೆ ನೋಡಿ ಕೊಡಿ ಸಾಕು. ಅದರ ಮುಂದಿನ 11 ನಿಮ್ಮದು, ಇದನ್ನೂ ಬರೆದೇ ಕೊಡಿ, ಧಣಿಗಳಿಗೆ ಬೇಕಾದದ್ದು ಇದೇ ಭರವಸೆ.

ಕಾಯಿಲೆ ರಜೆ ಮುಗಿಸಿ ಬಂದವರಿಗೆ ಅರ್ಧ ದಿನ ಕೊಡ್ಲೇಬೇಕು ಅಂತ ಕಾನೂನು ನಮ್ಮಲ್ಲಿಲ್ಲ, ಧಣಿಗಳು ಒಪ್ಪಿದ್ರೆ ಉಂಟು. ಅದಕ್ಕೇ ಸಂಬಳದ ವಿಷಯ ನೀವೇ ಎತ್ತಿ: ಆರು ವಾರ ಕೆಲಸ ಮಾಡಿದಷ್ಟು ಗಂಟೆಗೆ, ಏಳನೇ ವಾರದಿಂದ ಹಳೇ ಸಂಬಳ. ಬಾಯಿಮಾತಲ್ಲಿ ಬಿಟ್ರೆ ಅರ್ಧ ಸಂಬಳವೇ ಖಾಯಂ ಆಗಿ ಹೋದೀತು. ಡಾಕ್ಟ್ರ ಹತ್ರ ಬರೀ ‘ಫಿಟ್’ ಅಂತ ಸರ್ಟಿಫಿಕೇಟ್ ತಗೊಳ್ಬೇಡಿ, ಆ ಒಂದು ಶಬ್ದ ಸಾಕು ನಿಮ್ಮ ಪ್ಲಾನ್ ಪೂರ್ತಿ ಹಾಳಾಗ್ಲಿಕ್ಕೆ. ಈ ಶೆಡ್ಯೂಲ್ ತೋರಿಸಿ, ಅವರು ಬದಲಾಯಿಸಿದ್ರೆ ಬದಲಾಯಿಸಿ, ದಿನಕ್ಕೆ ಎಷ್ಟು ಗಂಟೆ, ಎಷ್ಟು ಹೊತ್ತಿಗೊಮ್ಮೆ ಏಳ್ಬೇಕು ಅಂತ ಬರೆಸಿ. ಕಾಲಿಗೆ ಇಳಿಯುವ ನೋವು ಮತ್ತೆ ಶುರುವಾದ್ರೆ ಅವರಿಗೆ ತೋರಿಸಿ, ಅದೇ ಹಂತದಲ್ಲಿ ಇನ್ನೊಂದು ವಾರ ಇರ್ತೇನೆ ಅಂತ ಕೊನೆಗೊಂದು ಸಾಲು ಈಗಲೇ ಸೇರಿಸಿ.

ಇಷ್ಟನ್ನೂ ಒಂದೇ ಪುಟದಲ್ಲಿ, ತಾರೀಕು ಹಾಕಿ, ಇವತ್ತೇ ಮೈಲ್ ಮಾಡಿ. 10.30 ಅಂತ ಯಾಕೆ ಅಂತ ಧಣಿಗಳು ಕೇಳಿದ್ರೆ ಹೇಳಿ, ಬೆಳಿಗ್ಗೆ ಒಂಬತ್ತರ ಸುರತ್ಕಲ್ ಬಸ್ಸಲ್ಲಿ ಸೀಟು ಸಿಗುವುದಿಲ್ಲ ಅಂತ.