ಬೇಲಿ ಮತ್ತು ಲಕ್ಕಮ್ಮನ ಕಣ್ಣು

“ಸನ್ಯಾಸಿಗಳಿಗೆ ಮದುವೆ ಯಾಕೆ ಬೇಡ ಅಂತಾರೆ ಸಾರ್? ಹಾಗಾದ್ರೆ ಮೂವತ್ತು ವರ್ಷ ಸಂಸಾರ ಮಾಡಿದ ನಾವು ಎರಡನೇ ದರ್ಜೆಯವರಾ?”
— ಓದುಗರೊಬ್ಬರು, ತಿಪಟೂರು

ನಿಮ್ಮ ಎರಡನೇ ಪ್ರಶ್ನೆ ಓದಿ ಬೇಜಾರಾಯಿತು. ಅಂಥ ಮಾತನ್ನು ನೀವು ಆಡಬಾರದಿತ್ತು.

ನಮ್ಮ ದಿಗಂಬರ ಜೈನ ಮುನಿಗಳನ್ನೇ ನೋಡಿ. ನವಿಲುಗರಿಯ ಪಿಂಛಿ, ಕಮಂಡಲು, ಓದಲು ಶಾಸ್ತ್ರ, ಇಷ್ಟೇ ಅವರ ಬಳಿ ಇರುವುದು. ನಾಳೆಗೆ ಅಂತ ಒಂದು ಹಿಡಿ ಅಕ್ಕಿಯನ್ನೂ ಇಟ್ಟುಕೊಳ್ಳುವಂತಿಲ್ಲ. ಮಳೆಗಾಲದ ಚಾತುರ್ಮಾಸ ಬಿಟ್ಟರೆ ಒಂದೇ ಊರಲ್ಲಿ ನೆಲೆ ನಿಲ್ಲುವಂತಿಲ್ಲ. ಮಗು ಇದ್ದರೆ ಬೆಳಗಿನ ಹಾಲಿಗೆ ರಾತ್ರಿಯೇ ಯೋಚಿಸಬೇಕು. ಅದಕ್ಕೆ ಜ್ವರ ಬಂದರೆ ಊರು ಬಿಟ್ಟು ಹೊರಡುವುದು ಹೇಗೆ? ಏನನ್ನೂ ನನ್ನದು ಅನ್ನಬಾರದು ಎಂದು ಹೊರಟವರಿಗೆ ಮದುವೆ ಹೊಂದುವುದಿಲ್ಲ. ಆ ಮಾತು ನಾನು ಒಪ್ಪುತ್ತೇನೆ.

ಮುನಿಗಳ ಆ ಬ್ರಹ್ಮಚರ್ಯ ವ್ರತ ಕಾಯಲು ಜೈನರು ಒಂಬತ್ತು ಬೇಲಿ ಹೇಳುತ್ತಾರೆ. ಹೆಣ್ಣಿನಿಂದ ದೂರ ಇರಬೇಕು, ಹಳೆಯ ಸುಖ ನೆನೆಯಬಾರದು, ತುಪ್ಪ ಸುರಿದ ಊಟ ಬೇಡ, ಹೊಟ್ಟೆ ಬಿರಿಯ ತಿನ್ನಬಾರದು, ಮೈ ಸಿಂಗರಿಸಬಾರದು, ಹೀಗೆ. ಇವೆಲ್ಲ ಸ್ವಂತ ಹೊಲಕ್ಕೆ ಹಾಕಿಕೊಂಡ ಬೇಲಿ. ಬಿಳಿ ಸೀರೆಯ ಜೈನ ಸನ್ಯಾಸಿನಿಯರು, ಆರ್ಯಿಕೆಯರಿಗೂ ಬೇಲಿ ಉಂಟು, ಅಲ್ಲಿ ದೂರ ಇಡಬೇಕಾದದ್ದು ಗಂಡಸರನ್ನು. ನಮ್ಮ ಎಷ್ಟೋ ಪ್ರವಚನಕಾರರು ಮಾತ್ರ ಇದನ್ನೇ ಹಿಡಿದು ಹೆಣ್ಣೆಂದರೆ ಬಲೆ ಅಂತ ಗಂಟೆಗಟ್ಟಲೆ ಹೇಳುತ್ತಾರೆ. ಎದುರಿಗೆ ಕೂತ ತಾಯಂದಿರು ಸುಮ್ನೆ ತಲೆ ತಗ್ಗಿಸಿ ಕೇಳುತ್ತಾರೆ. ನನಗೆ ಹೊಟ್ಟೆ ಉರಿಯುತ್ತದೆ.

ಜೈನರ ಲೆಕ್ಕದಲ್ಲಿ ಮದುವೆ ಕೆಳಗಿನ ಮೆಟ್ಟಿಲು, ನಿಜ. ಮುನಿಗೆ ಪೂರ್ತಿ ಬ್ರಹ್ಮಚರ್ಯದ ಮಹಾವ್ರತ, ಗೃಹಸ್ಥನಿಗೆ ತನ್ನ ಹೆಂಡತಿಯಲ್ಲೇ ತೃಪ್ತನಾಗಿರುವ ಅಣುವ್ರತ. ಗೃಹಸ್ಥ ಏರಬೇಕಾದ ಹನ್ನೊಂದು ಮೆಟ್ಟಿಲಲ್ಲಿ ಏಳನೆಯದಕ್ಕೆ ಬಂದರೆ ಮನೆಯಲ್ಲಿದ್ದೂ ಬ್ರಹ್ಮಚರ್ಯ.

12ನೇ ಶತಮಾನದ ಶರಣರು ಈ ಮೆಟ್ಟಿಲನ್ನೇ ಒಪ್ಪಲಿಲ್ಲ. ಆಯ್ದಕ್ಕಿ ಮಾರಯ್ಯ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದವನು. ಒಂದು ದಿನ ಜಾಸ್ತಿ ತಂದ. ಅವನ ಹೆಂಡತಿ ಲಕ್ಕಮ್ಮ ಅದನ್ನು ಕಂಡ ಕೂಡಲೇ, ಇಷ್ಟು ನಮಗ್ಯಾಕೆ, ಹೋಗಿ ಅಲ್ಲೇ ಸುರಿದು ಬನ್ನಿ ಅಂದಳು. ಮಾರಯ್ಯನ ಆಸೆ ಮಾರಯ್ಯನಿಗೇ ಕಂಡಿರಲಿಲ್ಲ. ಮುನಿಗೆ ಒಂಬತ್ತು ಬೇಲಿ ಮಾಡುವ ಕೆಲಸವನ್ನು ಇಲ್ಲಿ ಹೆಂಡತಿ ಒಬ್ಬಳೇ ಮಾಡಿದಳು. ಬೇಲಿ ಮಾತಾಡುವುದಿಲ್ಲ, ಲಕ್ಕಮ್ಮ ಮಾತಾಡುತ್ತಾಳೆ. ಮೂವತ್ತು ವರ್ಷದಲ್ಲಿ ನಿಮ್ಮ ಮನೆಯಲ್ಲೂ ಇದು ಎಷ್ಟು ಸಲ ಆಗಿದೆ, ಯೋಚಿಸಿ.

ಒಮ್ಮೆ ಮುನಿಗಳ ಆಹಾರ ಹತ್ತಿರದಿಂದ ನೋಡಿದ್ದೆ. ಬಾಗಿಲಲ್ಲಿ ಗಂಡ ಹೆಂಡತಿ ಕಲಶ ಹಿಡಿದು “ನಮೋಸ್ತು” ಅಂತ ಕರೆದರು. ಮುನಿಗಳು ನಿಂತೇ ಬೊಗಸೆ ಒಡ್ಡಿದರು. ದಿನಕ್ಕೆ ಅದೊಂದೇ ಊಟ, ಅದೊಂದೇ ಸಲ ನೀರು. ಬೊಗಸೆಯಲ್ಲಿ ಒಂದು ಕೂದಲು ಕಂಡರೂ ಅಂತರಾಯ, ಊಟ ಅಲ್ಲಿಗೇ ನಿಲ್ಲುತ್ತದೆ. ಆಕೆ ಸೋಸಿ ಕಾಯಿಸಿದ ನೀರನ್ನು ಸಣ್ಣಗೆ ಎರೆಯುತ್ತಿದ್ದಳು. ಗಂಡ ಪ್ರತಿ ತುತ್ತನ್ನೂ ಬಿಡಿಸಿ ನೋಡಿ ಇಡುತ್ತಿದ್ದ. ಅವರಿಬ್ಬರೂ ಬೆಳಗಿನಿಂದ ಏನೂ ತಿಂದಿರಲಿಲ್ಲ.