ಬೈದರೆ ನೋವು ತಡೆಯಬಹುದಾ?

ಪ್ರಶ್ನೆ: ನಾವು ಕಾಸರಗೋಡಿನ ಬದಿಯಡ್ಕದ ಹತ್ತಿರದವರು. ಮೊನ್ನೆ ಅಪ್ಪನ ಕಾಲ್ಬೆರಳು ಹೊಸಿಲಿಗೆ ಬಡಿದು, ಬಾಯಿಂದ ಮಲಯಾಳದ ಬೈಗುಳ ಬಂತು. ಅಮ್ಮನಿಗೆ ಬೇಜಾರಾಯಿತು. "ಬೈದರೇ ನೋವು ಇಳಿಯೋದು" ಅಂತಾರೆ ಅಪ್ಪ. ನಿಜವಾ? ನನಗೆ ಮಲಯಾಳದ ಬೈಗುಳ ಕನ್ನಡದ್ದರಷ್ಟು ಕೆಟ್ಟದು ಅನ್ನಿಸೋದೇ ಇಲ್ಲ. ಯಾಕೆ?

ಉತ್ತರ: ನಿಮ್ಮ ಅಪ್ಪ ಹೇಳಿದ್ದರಲ್ಲಿ ಹುರುಳಿದೆ. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದ ರಿಚರ್ಡ್ ಸ್ಟೀಫನ್ಸ್ ಮತ್ತು ಜೊತೆಗಾರರು 2009ರಲ್ಲಿ ಇದನ್ನೇ ನೋಡಿದರು. ಕೈಯನ್ನು ಐಸ್‌ನಂತೆ ತಣ್ಣಗಿನ ನೀರಿನಲ್ಲಿ ಮುಳುಗಿಸಬೇಕು, ತಡೆಯಲು ಆಗದಿದ್ದಾಗ ತೆಗೆಯಬೇಕು. ಒಂದು ಸಲ ಬೈಗುಳ ಹೇಳುತ್ತಾ, ಇನ್ನೊಂದು ಸಲ ಮೇಜನ್ನು ವರ್ಣಿಸುವ ಒಂದು ಸಾದಾ ಪದ ಹೇಳುತ್ತಾ. ಬೈದಾಗ ಜಾಸ್ತಿ ಹೊತ್ತು ತಡೆದರು, ಎದೆಬಡಿತವೂ ಏರಿತ್ತು. ಅಪಾಯ ಬಂದಾಗ ಮೈ ಹೇಗೆ ಹೋರಾಟಕ್ಕೆ ನಿಂತು ನೋವನ್ನು ಸ್ವಲ್ಪ ಹೊತ್ತು ಹಿಂದೆ ತಳ್ಳುತ್ತದೋ, ಬೈಗುಳವೂ ಹಾಗೇ ಕೆಲಸ ಮಾಡುತ್ತಿರಬಹುದು ಅನ್ನುವುದು ಅವರ ಊಹೆ.

ಹಾಗಾದರೆ ಆ ಶಕ್ತಿ ಪದದ ಸದ್ದಿನಲ್ಲಿದೆಯಾ? ನನಗೆ ತುಂಬಾ ಇಷ್ಟವಾದ ಪ್ರಯೋಗ ಇದಕ್ಕೆ ಸಂಬಂಧಿಸಿದ್ದು. 2020ರಲ್ಲಿ ಸ್ಟೀಫನ್ಸ್ 'ಫೌಚ್', 'ಟ್ವಿಜ್‌ಪೈಪ್' ಎಂಬ ಹೊಸ ಬೈಗುಳಗಳನ್ನು ಕಟ್ಟಿಸಿ ಅದೇ ತಣ್ಣೀರಿನಲ್ಲಿ ಹೇಳಿಸಿದರು. ಹೇಳಿದವರಿಗೆ ಅವು ತಮಾಷೆ ಅನ್ನಿಸಿದವು, ನೋವು ತಡೆಯುವ ಶಕ್ತಿ ಮಾತ್ರ ಹೆಚ್ಚಲಿಲ್ಲ. ಹಳೆಯ ಇಂಗ್ಲಿಷ್ ಬೈಗುಳ ಹೇಳಿದವರು ಸುಮಾರು 33% ಜಾಸ್ತಿ ಹೊತ್ತು ತಡೆದರು. ಅಂದರೆ ಸದ್ದಷ್ಟೇ ಸಾಲದು, ಆ ಪದ ಆಡಬಾರದು ಅಂತ ಬದುಕಿನಲ್ಲಿ ಕಲಿತಿರಬೇಕು.

ಯಾವುದನ್ನು ಆಡಬಾರದು ಅನ್ನುವುದನ್ನು ಆಯಾ ಸಮಾಜವೇ ತೀರ್ಮಾನಿಸುತ್ತದೆ, ತಾನು ಹೆದರುವ ಅಥವಾ ಕೀಳಾಗಿ ಕಾಣುವ ಜಾಗದಿಂದಲೇ ಪದ ಆರಿಸುತ್ತದೆ. ಕೆನಡಾದ ಕ್ವಿಬೆಕ್‌ನಲ್ಲಿ ಚರ್ಚಿನ ಪವಿತ್ರ ವಸ್ತುಗಳ ಹೆಸರೇ ಬೈಗುಳ. ಡಚ್ಚರು ಟೈಫಾಯ್ಡ್, ಕ್ಯಾನ್ಸರ್ ಅಂತ ಕಾಯಿಲೆಗಳ ಹೆಸರಿನಲ್ಲಿ ಬೈಯುತ್ತಾರೆ. ನಮ್ಮಲ್ಲಿ 'ಮುಂಡೆ', 'ರಂಡೆ' ಎರಡೂ ಮೂಲದಲ್ಲಿ ವಿಧವೆ ಅನ್ನುವ ಪದಗಳು, ಗಂಡ ಸತ್ತವಳನ್ನು ಕಂಡ ರೀತಿಯೇ ಅಲ್ಲಿ ಬೈಗುಳವಾಗಿ ಉಳಿದಿದೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಮಲಯಾಳದ ವಿಷಯಕ್ಕೆ ಬಂದರೆ, 'ಪಟ್ಟಿ' ಅಂದರೆ ಅಲ್ಲಿ ನಾಯಿ, ಒಬ್ಬರ ಮುಖಕ್ಕೆ ಅಂದರೆ ಜಗಳವೇ. ಕನ್ನಡದಲ್ಲಿ ಅದು ಹೆಸರುಗಳ ಪಟ್ಟಿ, ಗಾಯದ ಪಟ್ಟಿ. ನಿಮಗೆ ಚಿಕ್ಕಂದಿನಲ್ಲಿ "ಛೀ, ಹಾಗೆ ಹೇಳಬಾರದು" ಅಂತ ಗದರಿಸಿದ್ದು ಕನ್ನಡದಲ್ಲಿ, ಅಲ್ವಾ? ಟರ್ಕಿಶ್ ಮಾತಾಡುವ, ಆಮೇಲೆ ಇಂಗ್ಲಿಷ್ ಕಲಿತವರ ಮೇಲೆ 2003ರಲ್ಲಿ ನಡೆದ ಪ್ರಯೋಗದಲ್ಲಿ, ತಾಯ್ನುಡಿಯ ಗದರಿಕೆ ಕೇಳಿದಾಗ ಚರ್ಮದ ಬೆವರಿನ ಪ್ರತಿಕ್ರಿಯೆ ಇಂಗ್ಲಿಷಿನದಕ್ಕಿಂತ ಜೋರಾಗಿತ್ತು.

ಅಪ್ಪನಿಗೆ ಒಂದು ಮಾತು ಹೇಳಿ. ಇದು ಕ್ಷಣದ ನೋವಿಗೆ ಮಾತ್ರ, ಬೆರಳು ಊದಿದ್ದರೆ ಬೈಗುಳ ಏನೂ ಮಾಡದು. ದಿನಕ್ಕೆ ಹೆಚ್ಚು ಸಲ ಬೈಯುವವರಿಗೆ ಲಾಭ ಕಡಿಮೆ ಅಂತ 2011ರ ಪ್ರಯೋಗದಲ್ಲಿ ಕಂಡಿದೆ. ಅಪ್ಪ ಬಾಲ್ಯದಲ್ಲಿ ಮಲಯಾಳದ ಗೆಳೆಯರ ಜೊತೆ ಆಡಿ ಬೆಳೆದವರಾದರೆ ಆ ಪದಕ್ಕೆ ಅವರ ಮೈ ಎದ್ದು ನಿಲ್ಲುತ್ತದೆ, ನಿಮ್ಮದು ನಿಲ್ಲದೇ ಇರಬಹುದು.