ತಮ್ಮನಿಗೆ ಕೊಟ್ಟ ದುಡ್ಡು ವಾಪಸ್ ಬರುತ್ತಾ?

"ಕಂಪನಿ ಮುಳುಗೋಕೆ 14 ತಿಂಗಳ ಮೊದಲು ಡೈರೆಕ್ಟರ್ ತನ್ನ ತಮ್ಮನಿಂದ ಕಂಪನಿ ಪಡೆದಿದ್ದ 40 ಲಕ್ಷ ಕೈಸಾಲ ತೀರಿಸಿದ್ದಾರೆ, 25 ಲಕ್ಷದ ಮೆಷಿನ್ ಅವನಿಗೇ 6 ಲಕ್ಷಕ್ಕೆ ಕೊಟ್ಟಿದ್ದಾರೆ. ಸಪ್ಲೈಯರ್ ಆದ ನಮಗೆ ದಾರಿ ಇದೆಯಾ?"

ಇದೆ ಸರ್. ಡೈರೆಕ್ಟರ್ ತಮ್ಮ ಅಂದರೆ ಕಾನೂನಿನ ಲೆಕ್ಕದಲ್ಲಿ ಸಂಬಂಧಿತ ವ್ಯಕ್ತಿ, ಹಾಗಾಗಿ ದಿವಾಳಿ ಪ್ರಕ್ರಿಯೆ ಶುರುವಾದ ದಿನದಿಂದ 2 ವರ್ಷ ಹಿಂದಕ್ಕೆ ನೋಡಬಹುದು. ಹೊರಗಿನವನಾಗಿದ್ದರೆ 1 ವರ್ಷ ಮಾತ್ರ, ಆಗ ನಿಮ್ಮ 14 ತಿಂಗಳು ಕೈ ತಪ್ಪುತ್ತಿತ್ತು.

40 ಲಕ್ಷಕ್ಕೆ ದಿವಾಳಿ ಕಾನೂನಾದ ಐಬಿಸಿಯ ಸೆಕ್ಷನ್ 43. ಹಳೇ ಸಾಲ ತೀರಿಸಿದ್ದರಿಂದ ಅವನಿಗೆ, ಕಂಪನಿ ಆಸ್ತಿ ಮಾರಿ ಸರದಿ ಪ್ರಕಾರ ಹಂಚಿದ್ದರೆ ಸಿಗುತ್ತಿದ್ದಕ್ಕಿಂತ ಜಾಸ್ತಿ ಸಿಕ್ಕಿದೆ ಅಂತ, ಕಂಪನಿ ಆಸ್ತಿ ಮಾರಿ ಹಂಚುವ ಅಧಿಕಾರಿಯಾದ ಲಿಕ್ವಿಡೇಟರ್ ತೋರಿಸಬೇಕು. ಮೋಸದ ಉದ್ದೇಶ ಸಾಬೀತು ಮಾಡಬೇಕಿಲ್ಲ. ಡೈರೆಕ್ಟರ್ ಕಡೆಯವರು "ಇದು ಮಾಮೂಲಿ ವ್ಯವಹಾರ" ಅಂತ ವಾದಿಸುತ್ತಾರೆ, ಆದರೆ ಸುಪ್ರೀಂ ಕೋರ್ಟ್‌ನ 2020ರ ಜೇಪೀ ತೀರ್ಪಿನ ನಂತರ ಅದು ಕೊಟ್ಟವರಿಗೂ ಪಡೆದವರಿಗೂ ಇಬ್ಬರಿಗೂ ಮಾಮೂಲಿ ಆಗಿರಬೇಕು. ಎನ್‌ಸಿಎಲ್‌ಟಿ ಅನ್ನೋ ಕಂಪನಿ ನ್ಯಾಯಮಂಡಳಿ ಒಪ್ಪಿದರೆ ಡೈರೆಕ್ಟರ್‌ನ ತಮ್ಮ ಆ ದುಡ್ಡು ವಾಪಸ್ ಕಟ್ಟಬೇಕು, ಅವನ ಹಳೇ ಸಾಲವನ್ನು ಎಷ್ಟರ ಮಟ್ಟಿಗೆ ಕ್ಲೇಮ್ ಮಾಡಬಹುದು ಅಂತಲೂ ಅದೇ ಹೇಳುತ್ತದೆ.

ಕಡಿಮೆ ಬೆಲೆಗೆ ಕೊಟ್ಟ ಮೆಷಿನ್ ವಿಷಯ ಸೆಕ್ಷನ್ 45. ಅಲ್ಲಿ ವ್ಯಾಲ್ಯುಯೇಶನ್ನೇ ಜೀವಾಳ, ಮಾರಾಟದ ಸಮಯದ ಬೆಲೆಗೆ ದಾಖಲೆ ಬೇಕು. ಇದರಲ್ಲಿ ಲಿಕ್ವಿಡೇಟರ್ ಸುಮ್ನೆ ಕೂತರೆ ನೀವೇ ಸೆಕ್ಷನ್ 47ರಲ್ಲಿ ಅರ್ಜಿ ಹಾಕಬಹುದು. 43ಕ್ಕೆ ಆ ದಾರಿ ಇಲ್ಲ, ಅದಕ್ಕೇ ನಿಮ್ಮ ಹತ್ತಿರ ಇರುವ ಇನ್‌ವಾಯ್ಸ್, ಮೇಲ್ ಎಲ್ಲವನ್ನೂ ಈಗಲೇ ಲಿಕ್ವಿಡೇಟರ್‌ಗೆ ಬರೆದು ಕಳಿಸಿ.

ಒಂದು ಬೇಸರದ ಮಾತು: ವಾಪಸ್ ಬಂದದ್ದು ನೇರ ನಿಮಗೆ ಬರಲ್ಲ, ಎಲ್ಲರ ಪಾಲಿಗೆ ಸೇರುತ್ತದೆ. ಅಡಮಾನ ಇಟ್ಟುಕೊಂಡ ಬ್ಯಾಂಕ್, ಕಾರ್ಮಿಕರು ಮೊದಲು, ಸಪ್ಲೈಯರ್ ತುಂಬಾ ಹಿಂದೆ.